ಯೀಲ್ಡ್ ಕರ್ವ್ ತಲೆಕೆಳಗಾಗಿದೆಯೇ? ನಾನು ಲೆಕ್ಕ ಹಾಕುವ ಬಗೆ

ಬಾಂಡ್‌ಗಳು ಕೊಡುವ ವಾರ್ಷಿಕ ಗಳಿಕೆಯನ್ನು, ಅಂದರೆ ಯೀಲ್ಡನ್ನು, ಅವಧಿಯ ಕ್ರಮದಲ್ಲಿ ಜೋಡಿಸಿದ ಗೆರೆಯೇ ಯೀಲ್ಡ್ ಕರ್ವ್; ದೀರ್ಘಾವಧಿಯದಕ್ಕಿಂತ ಅಲ್ಪಾವಧಿಯ ಯೀಲ್ಡ್ ಹೆಚ್ಚಿದ್ದರೆ ಅದು ತಲೆಕೆಳಗಾಗಿದೆ ಎನ್ನುತ್ತಾರೆ. ಅದನ್ನು ಬರೆಯುವ ಮುನ್ನ ನಾನು ನೋಡುವುದು ರೇಟಿಂಗ್. ಒಂದು ಗೆರೆಯ ಮೇಲೆ ಬರುವ ಬಾಂಡ್‌ಗಳಿಗೆ ಅವಧಿ ಮಾತ್ರ ಬೇರೆ ಇರಬೇಕು, ಸಾಲಗಾರನ ಯೋಗ್ಯತೆ ಒಂದೇ ಇರಬೇಕು. 3 ವರ್ಷದ ಎಎಎ ಬಾಂಡ್ ಶೇ 7.5, 10 ವರ್ಷದ ಎಎ ಬಾಂಡ್ ಶೇ 8.2 ಕೊಡುತ್ತಿವೆ ಎಂದಿಟ್ಟುಕೊಳ್ಳಿ. ಆ 0.7ರಲ್ಲಿ ಹೆಚ್ಚು ಕಾಲ ಕಾಯುವುದಕ್ಕೆ ಸಿಗುವುದೆಷ್ಟು, ದುಡ್ಡು ಮುಳುಗುವ ಭಯಕ್ಕೆ ಸಿಗುವುದೆಷ್ಟು ಎಂದು ಬಿಡಿಸಿ ಹೇಳಲಾಗದು. ಅದಕ್ಕೇ ಸರ್ಕಾರಿ ಬಾಂಡ್‌ಗಳಿಂದ ಕರ್ವ್ ಬರೆಯುತ್ತೇನೆ, ರೇಟಿಂಗ್‌ನ ಬೆಲೆಯನ್ನು ಬೇರೆ ಕಾಲಂನಲ್ಲಿ ಇಡುತ್ತೇನೆ.

ಹೆಚ್ಚು ಪರೀಕ್ಷೆಗೊಳಗಾದದ್ದು ಅಮೆರಿಕ ಸರ್ಕಾರದ ಟ್ರೆಶರಿ ಬಾಂಡ್‌ಗಳ ಕರ್ವ್. 2011ರ ಆಗಸ್ಟ್ 5ರಂದು ರೇಟಿಂಗ್ ಸಂಸ್ಥೆ ಎಸ್ ಆ್ಯಂಡ್ ಪಿ ಅಮೆರಿಕದ ರೇಟಿಂಗನ್ನು ಎಎಎಯಿಂದ ಎಎ+ಗೆ ಇಳಿಸಿತು. ಆದರೂ ಮುಂದಿನ ದಿನಗಳಲ್ಲಿ ಹೆದರಿದ ಹಣ ಓಡಿದ್ದು ಅದೇ ಟ್ರೆಶರಿ ಬಾಂಡ್‌ಗಳತ್ತ, ಯೀಲ್ಡ್ ಇಳಿಯಿತು. ತನ್ನದೇ ಕರೆನ್ಸಿಯಲ್ಲಿ ಸಾಲ ಮಾಡುವ ಅಂಥ ಸರ್ಕಾರದ ಕರ್ವ್‌ನಲ್ಲಿ ಕಾಣುವುದು ಮುಖ್ಯವಾಗಿ ಬಡ್ಡಿದರದ ನಿರೀಕ್ಷೆ.

ದತ್ತಾಂಶಕ್ಕೆ ಸೇಂಟ್ ಲೂಯಿಸ್ ಫೆಡ್‌ನ FRED ಜಾಲತಾಣ ಸಾಕು. 2 ವರ್ಷಕ್ಕೆ DGS2, 10 ವರ್ಷಕ್ಕೆ DGS10 ಇಳಿಸಿಕೊಂಡು, ಮೊದಲನೆಯದನ್ನು B ಕಾಲಂನಲ್ಲೂ ಎರಡನೆಯದನ್ನು C ಕಾಲಂನಲ್ಲೂ ಇಟ್ಟು ಕಳೆಯುತ್ತೇನೆ. 2023ರ ಜುಲೈ 3ರಂದು 2 ವರ್ಷದ್ದು ಶೇ 4.94, 10 ವರ್ಷದ್ದು ಶೇ 3.86, ಅಂತರ −1.08. ಮರುದಿನ ಜುಲೈ 4, ಅಲ್ಲಿ ರಜೆ, ಎರಡೂ ಮನೆ ಖಾಲಿ. ಖಾಲಿಯಿಂದ ಖಾಲಿ ಕಳೆದರೆ ಎಕ್ಸೆಲ್ 0 ಕೊಡುತ್ತದೆ. ಚಿತ್ರದಲ್ಲಿ ಕರ್ವ್ ಒಂದೇ ದಿನ ಚಪ್ಪಟೆಯಾಗಿ ಮತ್ತೆ ಮುಳುಗಿದಂತೆ ಕಾಣುತ್ತದೆ. ತಿಂಗಳ ಸರಾಸರಿಯೂ ಕೆಡುತ್ತದೆ, ಅದು ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಸೂತ್ರ ಹೀಗೆ:

```
=IF(COUNT(B2:C2)=2, C2-B2, "")
```

3 ತಿಂಗಳ ಟ್ರೆಶರಿ ಬಿಲ್‌ನೊಂದಿಗೆ ಹೋಲಿಸುವಾಗ ಎಡವುವ ಇನ್ನೊಂದು ಜಾಗ ಇದೆ. DTB3 ಎಂಬುದು ಡಿಸ್ಕೌಂಟ್ ದರ: ಮುಖಬೆಲೆಯ ಮೇಲೆ, 360 ದಿನದ ವರ್ಷಕ್ಕೆ ಹಾಕಿದ ಲೆಕ್ಕ. 91 ದಿನದ ಬಿಲ್ ಅದರಲ್ಲಿ ಶೇ 5.25 ತೋರಿಸಿದರೆ, ಬಾಂಡ್ ಲೆಕ್ಕದಲ್ಲಿ ಅದು (365 × 0.0525) ÷ (360 − 91 × 0.0525), ಅಂದರೆ ಸುಮಾರು ಶೇ 5.39. ಕರ್ವ್ ಸೊನ್ನೆಯ ಆಸುಪಾಸಿನಲ್ಲಿದ್ದಾಗ ಈ 0.14 ತಲೆಕೆಳಗಾದದ್ದನ್ನೇ ಮುಚ್ಚಿಹಾಕಬಲ್ಲದು. DGS3MO ಬಳಸಿದರೆ ಈ ತಾಪತ್ರಯವಿಲ್ಲ.

ಅಂತರ ಸೊನ್ನೆಗಿಂತ ಕೆಳಗೆ ಹೋಗುವುದೇಕೆ? ದೀರ್ಘಾವಧಿಯ ಯೀಲ್ಡ್ ಎಂದರೆ ಮುಂದೆ ಬರಲಿರುವ ಅಲ್ಪಾವಧಿ ದರಗಳ ಸರಾಸರಿ, ಅದರ ಮೇಲೆ ಕಾಯುವುದಕ್ಕೆ ಒಂದಿಷ್ಟು ಪ್ರೀಮಿಯಂ. ಇಂದು 1 ವರ್ಷದ ದರ ಶೇ 5 ಇದ್ದು, ಮುಂದಿನ ವರ್ಷ ಅದು 3ಕ್ಕೆ ಇಳಿಯುತ್ತದೆಂದು ಮಾರುಕಟ್ಟೆ ನಂಬಿದರೆ 2 ವರ್ಷದ ಬಾಂಡ್ ಸುಮಾರು 4ಕ್ಕೆ ನಿಲ್ಲುತ್ತದೆ. ಹಾಗಾಗಿ ತಲೆಕೆಳಗಾದ ಕರ್ವ್ ಹೇಳುವುದು ‘ದರ ಇಳಿಯುತ್ತದೆ’ ಎಂದಷ್ಟೇ. ಹಿಂಜರಿತದಿಂದಲೇ ಇಳಿಯುತ್ತದೆಂಬುದು ನಾವು ಸೇರಿಸುವ ಮಾತು. ಹಣದುಬ್ಬರ ತಗ್ಗಿದರೂ ದರ ಇಳಿಯುತ್ತದಲ್ಲ! ಪ್ರೀಮಿಯಂ ತೆಳ್ಳಗಿದ್ದ ಕಾಲದಲ್ಲಂತೂ ಅಲ್ಪ ನಿರೀಕ್ಷೆಗೂ ಕರ್ವ್ ಮಗುಚುತ್ತದೆ.

ಈ ಅನುಮಾನ ಬಗೆಹರಿಸಲು ರೇಟಿಂಗ್ ಕಾಲಂ ತೆರೆಯುತ್ತೇನೆ. BAA10Y ಎಂಬುದು ಮೂಡೀಸ್‌ನ ಬಿಎಎ ದರ್ಜೆಯ ಕಂಪನಿ ಬಾಂಡ್ ಮತ್ತು 10 ವರ್ಷದ ಟ್ರೆಶರಿ ನಡುವಿನ ಅಂತರ. ಬಿಎಎ ಹೂಡಿಕೆ ಯೋಗ್ಯ ದರ್ಜೆಗಳಲ್ಲಿ ಕೊನೆಯದು, ಸಾಲ ಕೊಡುವವರು ಹೆದರಿದರೆ ಇಲ್ಲಿ ಬೇಗ ಗೊತ್ತಾಗುತ್ತದೆ. 2008ರ ಡಿಸೆಂಬರ್‌ನಲ್ಲಿ ಇದು 6 ದಾಟಿತ್ತು. ಕರ್ವ್ −1.08ಕ್ಕೆ ಕುಸಿದಿದ್ದ 2023ರ ಜುಲೈನಲ್ಲಿ ಮಾತ್ರ 2ರ ಒಳಗೇ ಇತ್ತು. ಬಡ್ಡಿದರ ಇಳಿಯುತ್ತದೆಂದು ಒಂದು ಕಾಲಂ ಹೇಳುತ್ತಿದ್ದರೆ, ಕಂಪನಿಗಳು ಸಾಲ ತೀರಿಸುತ್ತವೆಂದು ಇನ್ನೊಂದು ಹೇಳುತ್ತಿತ್ತು. 2022ರ ಜುಲೈಯಿಂದ 2024ರ ಆಗಸ್ಟ್‌ವರೆಗೆ 2–10ರ ಕರ್ವ್ ತಲೆಕೆಳಗಾಗಿಯೇ ಇತ್ತು. 2024 ಮುಗಿಯುವವರೆಗಿನ ಅದರ ಯಾವ ತಿಂಗಳನ್ನೂ ಹಿಂಜರಿತದ ದಿನಾಂಕ ಗೊತ್ತುಮಾಡುವ ಎನ್‌ಬಿಇಆರ್ ಹಿಂಜರಿತವೆಂದು ಗುರುತಿಸಲಿಲ್ಲ. ಸುಳ್ಳು ಎಚ್ಚರಿಕೆ ಇದೇ ಮೊದಲಲ್ಲ, 1966ರಲ್ಲೂ ಹೀಗೇ ಆಗಿತ್ತು.

ಆದರೆ ಬಿಎಎ ಅಂತರ ಶಾಂತವಾಗಿದೆ ಎಂದ ಮಾತ್ರಕ್ಕೆ ನಾನು ಕರ್ವ್ ಮರೆಯುವುದಿಲ್ಲ. 2006ರಲ್ಲಿ ಕರ್ವ್ ಮಗುಚಿದಾಗಲೂ ಈ ಅಂತರ ಸುಮ್ಮನಿತ್ತು. 2007ರ ಮಧ್ಯದ ವೇಳೆಗೆ ಕರ್ವ್ ನೆಟ್ಟಗಾಗಿತ್ತು, ಹಿಂಜರಿತ ಶುರುವಾದದ್ದು ಆ ಡಿಸೆಂಬರ್‌ನಲ್ಲಿ. ಆದ್ದರಿಂದ ಕರ್ವ್ ನೆಟ್ಟಗಾದ ಮೇಲೂ ಸುಮಾರು ಒಂದು ವರ್ಷ ಎರಡೂ ಕಾಲಂಗಳ ತಿಂಗಳ ಸರಾಸರಿ ನೋಡುತ್ತೇನೆ. ನೆಟ್ಟಗಾದದ್ದು 2 ವರ್ಷದ ಯೀಲ್ಡ್ ಬಿದ್ದದ್ದರಿಂದಲೋ, 10 ವರ್ಷದ್ದು ಏರಿದ್ದರಿಂದಲೋ ಎಂದು ಬರೆದಿಡುತ್ತೇನೆ. ಮೊದಲನೆಯದರ ಜೊತೆಗೆ ಬಿಎಎ ಅಂತರವೂ ಅಗಲವಾಗತೊಡಗಿದರೆ, ಕಡಿಮೆ ರೇಟಿಂಗ್‌ನ ದೀರ್ಘಾವಧಿ ಬಾಂಡ್‌ಗಳನ್ನು ಹೊಸದಾಗಿ ಕೊಳ್ಳುವುದು ನಿಲ್ಲಿಸುತ್ತೇನೆ.