ರಾಶಿ, ಬೆಟ್ಟೆ, ಸರಕು: ಒಂದೇ ಖರ್ಚನ್ನು ಹಂಚುವುದು ಹೇಗೆ?

ತೀರ್ಥಹಳ್ಳಿ ಕಡೆ ಹಸಿ ಅಡಿಕೆ ಕೊಂಡು ಸುಲಿಸಿ, ಬೇಯಿಸಿ, ಒಣಗಿಸಿ ಮಾರುವವರಿಗೆ ಮಾರ್ಚ್ 31ಕ್ಕೆ ಒಂದು ತಲೆನೋವು. ಉಳಿದ ಅಡಿಕೆಗೆ ಬೆಲೆ ಎಷ್ಟು ಹಾಕೋದು? ಹಸಿ ಅಡಿಕೆಯ ದುಡ್ಡು, ಸುಲಿಯುವ ಕೂಲಿ ಎಲ್ಲಕ್ಕೂ ಸೇರಿಯೇ ಖರ್ಚಾಗಿದೆ. ಎಳೆಯದು ಸರಕು, ಸ್ವಲ್ಪ ಬಲಿತದ್ದು ಬೆಟ್ಟೆ, ಇನ್ನೂ ಬಲಿತದ್ದು ರಾಶಿ ಎಂದು ಬೇರೆಯಾಗುವುದು ಸುಲಿದ ಮೇಲೆಯೇ.

ಮೊದಲು ಈ ಜಂಟಿ ಖರ್ಚನ್ನು ಬೇರೆ ಬರೆಯಿರಿ. ನಮ್ಮ ಉದಾಹರಣೆಯಲ್ಲಿ ಅದು 4,32,000 ರೂಪಾಯಿ ಇರಲಿ. ಒಣಗಿದ ಮೇಲೆ ಸಿಕ್ಕಿದ್ದು 1 ಕ್ವಿಂಟಲ್ ಸರಕು, 3 ಬೆಟ್ಟೆ, 6 ರಾಶಿ. ಕ್ವಿಂಟಲ್ ದರ ಕ್ರಮವಾಗಿ 80,000, 60,000, 50,000 ಎಂದುಕೊಳ್ಳೋಣ.

ಬೇಯಿಸಿ ಒಣಗಿಸಲು ಒಟ್ಟು 25,000 ಆಗಿದೆ. ಹಂಡೆಯಲ್ಲಿ ಉಳಿದ ಚೊಗರು 5,000ಕ್ಕೆ ಹೋಯಿತು. ಚೊಗರು ಉಪ ಉತ್ಪನ್ನ. ಅದಕ್ಕೆಂದು ಯಾರೂ ಅಡಿಕೆ ಬೇಯಿಸುವುದಿಲ್ಲ, ಅಲ್ವಾ? ಹಾಗಾಗಿ ಅದಕ್ಕೆ ಖರ್ಚು ಹಂಚಬೇಡಿ. ಬಂದ ದುಡ್ಡನ್ನು ಬೇಯಿಸುವ ಖರ್ಚಿನಲ್ಲೇ ಕಳೆಯಿರಿ, ಏಕೆಂದರೆ ಅದು ಹುಟ್ಟುವುದೇ ಅಲ್ಲಿ. ಉಳಿಯುವುದು 20,000, ಅಂದರೆ ಕ್ವಿಂಟಲ್‌ಗೆ 2,000. ಸಿಪ್ಪೆ ತೋಟಕ್ಕೇ ಹೋದರೆ ಅದಕ್ಕೆ ಬೆಲೆ ಹಾಕುವ ಗೋಜು ಬೇಡ.

ಈಗ ಹಂಚಿಕೆ. ಮಾರಾಟದ ಮೊತ್ತದಲ್ಲಿ ಈ 2,000 ಕಳೆದರೆ ಸರಕಿಗೆ 78,000, ಬೆಟ್ಟೆಗೆ 1,74,000, ರಾಶಿಗೆ 2,88,000 ಉಳಿಯುತ್ತದೆ. ಒಟ್ಟು 5,40,000. ಜಂಟಿ ಖರ್ಚು ಇದರ ಶೇ 80. ಹಾಗಾದರೆ ರಾಶಿಯ ಪಾಲು 2,88,000ದ ಶೇ 80, ಅಂದರೆ 2,30,400. ಕ್ವಿಂಟಲ್‌ಗೆ 38,400. ಬೇಯಿಸಿದ 2,000 ಸೇರಿಸಿದರೆ 40,400. ಇದೇ ಲೆಕ್ಕದಲ್ಲಿ ಬೆಟ್ಟೆಗೆ 48,400, ಸರಕಿಗೆ 64,400 ಬೀಳುತ್ತದೆ.

ಸುಮ್ನೆ ತೂಕದ ಮೇಲೆ ಹಂಚಿದರೆ ಮೂರಕ್ಕೂ 45,200. ಸರಕು, ಬೆಟ್ಟೆ ಬೇಗ ಖಾಲಿಯಾಗಿ 4 ಕ್ವಿಂಟಲ್ ರಾಶಿ ಉಳಿದಿದೆ ಎನ್ನಿ. ತೂಕದ ಲೆಕ್ಕದಲ್ಲಿ ದಾಸ್ತಾನು 1,80,800, ಬೆಲೆಯ ಲೆಕ್ಕದಲ್ಲಿ 1,61,600. ಆ 19,200 ಈ ವರ್ಷ ಇಲ್ಲದ ಲಾಭವಾಗಿ ಕಾಣುತ್ತದೆ, ಅದಕ್ಕೆ ತೆರಿಗೆಯನ್ನೂ ಕಟ್ಟಬೇಕಾಗುತ್ತದೆ. ಸರಕಿನಲ್ಲಿ ಭಾರಿ ಲಾಭ, ರಾಶಿಯಲ್ಲಿ ಏನೂ ಇಲ್ಲ ಎಂಬಂತೆ ಪುಸ್ತಕ ಹೇಳಿದರೆ ತೂಕದ ಮೇಲೆ ಹಂಚಿದ್ದಾರೆಯೇ ಎಂದು ಮೊದಲು ನೋಡಿ. ನಮ್ಮ ದೇಶದ ಲೆಕ್ಕಪತ್ರ ಮಾನದಂಡ ಎಎಸ್-2 ಕೂಡ ಮಾರಾಟ ಬೆಲೆಯ ಅನುಪಾತವನ್ನೇ ಉದಾಹರಣೆಯಾಗಿ ಕೊಡುತ್ತದೆ.

ದರ ಯಾವುದು ಹಿಡಿಯಬೇಕು? ಮಾರುಕಟ್ಟೆ ಏರಿದ ಒಂದು ದಿನದ್ದು ಬೇಡ. ಆ ಕೊಯ್ಲಿನ ಅವಧಿಯ ಸರಾಸರಿ ಸಾಕು. ಪ್ರತಿ ವರ್ಷ ಅದೇ ಪದ್ಧತಿ ಇರಲಿ. ಮೊದಲ ಕೊಯ್ಲಿನಲ್ಲಿ ಎಳೆ ಅಡಿಕೆ ಜಾಸ್ತಿ, ಕೊನೆಯದರಲ್ಲಿ ಬಲಿತದ್ದು ಜಾಸ್ತಿ. ಹಾಗಾಗಿ ಎರಡನ್ನೂ ಕಲಸದೆ ಪ್ರತ್ಯೇಕ ಲೆಕ್ಕ ಇಡಿ.

ಕೊನೆಗೆ, ಮಾರ್ಚ್ 31ಕ್ಕೆ ರಾಶಿ ಮಾರಿದರೆ ಮಾರುವ ಖರ್ಚು ಕಳೆದು ಕೈಗೆ ಎಷ್ಟು ಬರುತ್ತದೆ ನೋಡಿ. ಅದು 39,000ಕ್ಕೆ ಇಳಿದಿದ್ದರೆ ದಾಸ್ತಾನಿಗೆ ಹಾಕಬೇಕಾದ್ದು 40,400 ಅಲ್ಲ, 39,000.