ಪೇ-ಇನ್ ಅಂದರೆ ಯಾರ ಒಳಗೆ? ಹೊಸಬರಿಗಾಗಿ ನಾನು ಮಾಡಿದ ಪದಪಟ್ಟಿ

ಬೆಂಗಳೂರಿನ ಒಂದು ಬ್ರೋಕರೇಜ್ ಕಚೇರಿಯ ಬ್ಯಾಕ್ ಆಫೀಸಿನಲ್ಲಿ ನಾನು ಸೆಟಲ್‌ಮೆಂಟ್, ಅಂದರೆ ವ್ಯವಹಾರವಾದ ಷೇರು ಮತ್ತು ದುಡ್ಡನ್ನು ಆಯಾ ಕೈ ಸೇರಿಸುವ ಕೆಲಸ ನೋಡಿಕೊಳ್ಳುತ್ತೇನೆ. ಹೊಸದಾಗಿ ಸೇರುವವರಿಗೆ ಮಾರುಕಟ್ಟೆಯ ಪದಗಳ ಒಂದು ಚಿಕ್ಕ ಪಟ್ಟಿ ಮಾಡಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ಸಲ ಅಕ್ಷರಗಳ ಕ್ರಮದಲ್ಲಿ ನಾಲ್ಕು ಪುಟ ಬರೆದೆ. ಆಗ 'ಆಕ್ಷನ್', ಅಂದರೆ ಹರಾಜು, ಮೊದಲ ಸಾಲಿಗೆ ಬಂತು, 'ಟ್ರೇಡ್' ಎರಡನೇ ಪುಟಕ್ಕೆ ಹೋಯಿತು. ಟ್ರೇಡ್ ಏನೆಂದು ತಿಳಿಯದವರಿಗೆ ಆಕ್ಷನ್ ಹೇಗೆ ಅರ್ಥವಾಗಬೇಕು?

ಎರಡನೇ ಸಲ ಒಂದೇ ಖರೀದಿಯನ್ನು ಹಿಡಿದುಕೊಂಡೆ. ಒಬ್ಬ ಗ್ರಾಹಕರು ಸೋಮವಾರ ₹500ರ ದರದಲ್ಲಿ 100 ಷೇರು ಕೊಂಡರು. ಅಲ್ಲಿಂದ ಷೇರು ಅವರ ಡಿಮ್ಯಾಟ್ ಖಾತೆಗೆ ಬರುವವರೆಗೆ ಯಾವ ಪದ ಯಾವಾಗ ಬರುತ್ತದೋ, ಅದೇ ಕ್ರಮದಲ್ಲಿ ಬರೆದೆ. ಪಟ್ಟಿ ಒಂದೇ ಹಾಳೆಗೆ ಇಳಿಯಿತು.

ಸೋಮವಾರ ನಡೆದದ್ದು ಟ್ರೇಡ್. ಆ ದಿನವನ್ನು T ಅನ್ನುತ್ತೇವೆ. ₹50,000ದ ಈ ಖರೀದಿಗೆ ಷೇರು ವಹಿವಾಟಿನ ತೆರಿಗೆಯಾದ ಎಸ್‌ಟಿಟಿ 0.1%, ಅಂದರೆ ₹50. ಸ್ಟಾಂಪ್ ಡ್ಯೂಟಿ 0.015%, ಅಂದರೆ ₹7.50. ಇವೆಲ್ಲ ಬ್ರೋಕರೇಜ್ ಜೊತೆ ಗ್ರಾಹಕರಿಗೆ ಕಳಿಸುವ ಕಾಂಟ್ರಾಕ್ಟ್ ನೋಟ್‌ನಲ್ಲಿ ಬರುತ್ತವೆ. ದಿನ ಮುಗಿದ ಮೇಲೆ ಆಬ್ಲಿಗೇಷನ್, ಅಂದರೆ ಯಾರು ಎಷ್ಟು ಕೊಡಬೇಕು, ಯಾರಿಗೆ ಎಷ್ಟು ಬರಬೇಕು ಎಂಬ ಲೆಕ್ಕ. ಅದೇ ಗ್ರಾಹಕರು ಅದೇ ದಿನ 40 ಷೇರು ಮಾರಿದ್ದರೆ, ಅವರಿಗೆ ಬರಬೇಕಾದ್ದು 60 ಮಾತ್ರ. ಇಷ್ಟನ್ನು ಎಲ್ಲರೂ ಬೇಗ ಹಿಡಿಯುತ್ತಾರೆ.

ಎಡವುವುದು ಪೇ-ಇನ್, ಪೇ-ಔಟ್ ಹತ್ತಿರ. 'ಪೇ-ಇನ್ ಅಂದರೆ ನಮಗೆ ದುಡ್ಡು ಬರೋದು ಅಲ್ವಾ?' ಅಂತ ಪ್ರತಿ ಬ್ಯಾಚ್‌ನಲ್ಲೂ ಯಾರಾದರೂ ಕೇಳುತ್ತಾರೆ. ಕಾರಣ ಸುಲಭ, ಅವರು ನಮ್ಮ ಕಚೇರಿಯಲ್ಲಿ ನಿಂತು ನೋಡುತ್ತಾರೆ. ಈ ಎರಡು ಪದಗಳು, ಕೊಂಡವರು ಮತ್ತು ಮಾರಿದವರ ನಡುವೆ ನಿಲ್ಲುವ ಸಂಸ್ಥೆಯಾದ ಕ್ಲಿಯರಿಂಗ್ ಕಾರ್ಪೊರೇಷನ್ನಿನ ಬಾಗಿಲಲ್ಲಿ ನಿಂತು ಹೇಳುವ ಮಾತು. ಕೊಂಡವರ ದುಡ್ಡು, ಮಾರಿದವರ ಷೇರು ಅದರ ಒಳಗೆ ಹೋಗುವುದು ಪೇ-ಇನ್. ಅಲ್ಲಿಂದ ಕೊಂಡವರಿಗೆ ಷೇರು, ಮಾರಿದವರಿಗೆ ದುಡ್ಡು ಹೊರಬರುವುದು ಪೇ-ಔಟ್. ಹಾಳೆಯ ನಡುವೆ ಒಂದು ಮನೆ, ಎರಡು ಬಾಣ ಬರೆದ ಮೇಲೆ ಆ ಪ್ರಶ್ನೆ ನಿಂತಿತು. ಎರಡೂ ನಡೆಯುವುದು ಮುಂದಿನ ಕೆಲಸದ ದಿನ, ಅಂದರೆ T+1ರಂದು. 2023ರ ಜನವರಿ 27ರಿಂದ ನಮ್ಮ ದೇಶದಲ್ಲಿ ಎಲ್ಲ ಷೇರುಗಳಿಗೂ ಇದೇ ಸಾಮಾನ್ಯ ಪದ್ಧತಿ.

ಆಮೇಲೆ ಬಂದ ಒಂದು ಘಟನೆ ಪಟ್ಟಿಯನ್ನು ಮತ್ತೆ ಬದಲಿಸಿತು. ಇದೇ ರೀತಿ ಸೋಮವಾರ ಷೇರು ಕೊಂಡಿದ್ದ ಗ್ರಾಹಕರು ಮಂಗಳವಾರ ಬೆಳಿಗ್ಗೆ ಫೋನ್ ಮಾಡಿದರು. 'ಷೇರು ಬಂದಿದೆಯಾ? ಮಾರಬಹುದಾ?' ಎಂದು ಕೇಳಿದರು. ನಮ್ಮ ಟ್ರೈನಿ ಸ್ಕ್ರೀನ್‌ನಲ್ಲಿ 100 ಎಂದು ನೋಡಿ 'ಬಂದಿದೆ ಸರ್' ಅಂದಳು. ಅವರು ಮಾರಿಬಿಟ್ಟರು.

ಆದರೆ ಷೇರು ಬಂದಿರಲಿಲ್ಲ. ಆ ದಿನ ಬರಲೂ ಇಲ್ಲ. ಸೋಮವಾರ ಆ ಷೇರು ಅಪ್ಪರ್ ಸರ್ಕ್ಯೂಟ್, ಅಂದರೆ ಆ ದಿನ ಏರಬಹುದಾದ ಗರಿಷ್ಠ ದರ ಮುಟ್ಟಿತ್ತು. ಕೈಯಲ್ಲಿ ಷೇರಿಲ್ಲದೆ, ಅದೇ ದಿನ ವಾಪಸ್ ಕೊಂಡರಾಯಿತು ಎಂದು ಇಂಟ್ರಾಡೇ ಮಾರಿದವರಿಗೆ ಆಗ ಮಾರುವವರೇ ಸಿಗುವುದಿಲ್ಲ. ಹಾಗಾಗಿ ಮಂಗಳವಾರದ ಪೇ-ಇನ್‌ಗೆ ಅವರ ಷೇರು ಬರುವುದಿಲ್ಲ. ಇದೇ ಶಾರ್ಟ್ ಡೆಲಿವರಿ. ಆಗ ಎಕ್ಸ್‌ಚೇಂಜ್ ಆಕ್ಷನ್ ನಡೆಸಿ ಬೇರೆಯವರಿಂದ ಷೇರು ಕೊಳ್ಳುತ್ತದೆ. ಅದು ಕೊಂಡವರ ಕೈಗೆ ಬರುವುದು ಬುಧವಾರ. ನಮ್ಮ ಗ್ರಾಹಕರ ಮಂಗಳವಾರದ ಮಾರಾಟಕ್ಕೆ ಪೇ-ಇನ್ ಕೂಡ ಬುಧವಾರವೇ. ಆ ಹೊತ್ತಿಗೆ ಷೇರು ಕೈಸೇರದೆ, ಯಾರದೋ ತಪ್ಪಿನಿಂದ ಅವರೂ ಶಾರ್ಟ್ ಆದರು. ಆಕ್ಷನ್ ದರದ ವ್ಯತ್ಯಾಸ ಮತ್ತು ದಂಡ ಅವರ ಲೆಡ್ಜರ್‌ಗೆ ಬಿತ್ತು.

ಆ ಹುಡುಗಿಯನ್ನು ಬೈಯಲು ನನಗೆ ಮನಸ್ಸು ಬರಲಿಲ್ಲ. ನನ್ನ ಪಟ್ಟಿಯಲ್ಲಿ 'ಹೋಲ್ಡಿಂಗ್ಸ್: ಗ್ರಾಹಕರ ಬಳಿ ಇರುವ ಷೇರು' ಎಂದು ಒಂದೇ ಸಾಲು ಇತ್ತು. ಈಗ ಅದನ್ನು ಎರಡು ಮಾಡಿದ್ದೇನೆ. 'ಕೊಂಡ ಷೇರು: ಟ್ರೇಡ್ ಆಗಿದೆ, ಪೇ-ಔಟ್ ಆಗಿಲ್ಲ.' 'ಬಂದ ಷೇರು: ಡಿಮ್ಯಾಟ್ ಖಾತೆಯಲ್ಲಿ ಜಮಾ ಆಗಿದೆ.' ಸ್ಕ್ರೀನ್‌ನಲ್ಲಿ ಪ್ರಮಾಣದ ಪಕ್ಕ `T1` ಎಂದಿದ್ದರೆ ಅದು ಮೊದಲನೆಯದು. ಮಾರುವುದು ಬೇಡ ಅಂತ ಹೇಳುವ ಅಧಿಕಾರ ನಮಗಿಲ್ಲ. ಆದರೆ ಬಂದಿಲ್ಲದ್ದನ್ನು ಬಂದಿದೆ ಅನ್ನಬಾರದು.

ಹಾಳೆಯ ಕೊನೆಯಲ್ಲಿ ಒಂದೇ ಪ್ರಶ್ನೆ ಇಟ್ಟಿದ್ದೇನೆ. 2025ರ ಮಾರ್ಚ್ 28, ಶುಕ್ರವಾರ ಕೊಂಡ ಷೇರಿನ ಸೆಟಲ್‌ಮೆಂಟ್ ಯಾವತ್ತು? ಹೆಚ್ಚಿನವರು ಸೋಮವಾರ ಅನ್ನುತ್ತಾರೆ. ಸೋಮವಾರ ರಂಜಾನ್ ಹಬ್ಬದ ರಜೆ. ಹಾಗಾದರೆ ಮಂಗಳವಾರ, ಏಪ್ರಿಲ್ 1? ಅಂದು ಮಾರುಕಟ್ಟೆ ತೆರೆದಿತ್ತು, ಆದರೆ ಬ್ಯಾಂಕುಗಳ ವಾರ್ಷಿಕ ಲೆಕ್ಕದ ದಿನವಾದ್ದರಿಂದ ಸೆಟಲ್‌ಮೆಂಟ್ ಇರಲಿಲ್ಲ. ಉತ್ತರ ಬುಧವಾರ, ಏಪ್ರಿಲ್ 2. ಟ್ರೇಡಿಂಗ್ ರಜೆ ಬೇರೆ, ಸೆಟಲ್‌ಮೆಂಟ್ ರಜೆ ಬೇರೆ ಎಂಬುದನ್ನು ಪಟ್ಟಿಯಲ್ಲಿ ಬರೆಯದೆ ಈ ಪ್ರಶ್ನೆಗೇ ಬಿಟ್ಟಿದ್ದೇನೆ. ಅವರೇ ಕ್ಯಾಲೆಂಡರ್ ತೆಗೆದು ಹುಡುಕಲಿ ಅಂತ.