ಹತ್ತು, ಹೊರಡು, ಉತ್ತು ಬಾ: 20 ಸೆಕೆಂಡಿನ ಟ್ರ್ಯಾಕ್ಟರ್ ಜಿಂಗಲ್ ಕೂಡಿಬಂದ ಬಗೆ

ಟ್ರ್ಯಾಕ್ಟರ್ ಡೀಲರ್ ಒಬ್ಬರ ರೇಡಿಯೊ ಜಿಂಗಲ್‌ಗೆ ಹಾಡು ಬೇಡ, ಹೊಲದ ಸದ್ದು ಮತ್ತು ನಾಲ್ಕು ಪದ ಸಾಕು ಅಂತ ನಾನು ಹೇಳಿದಾಗ ಒಬ್ಬರೂ ಒಪ್ಪಲಿಲ್ಲ. "ದುಡ್ಡು ಕೊಟ್ಟು ಗದ್ದಲ ಕೇಳಿಸ್ಬೇಕಾ?" ಅಂದರು ಡೀಲರ್. ನನ್ನ ಜೊತೆ ಎಷ್ಟೋ ವರ್ಷ ಕೆಲಸ ಮಾಡಿದ ಸೌಂಡ್ ಎಂಜಿನಿಯರ್ ಕೂಡ ತಲೆ ಅಲ್ಲಾಡಿಸಿದ. ಹಾಗಾಗಿ ಮೊದಲ ಸಲ ಅವರು ಹೇಳಿದಂತೆಯೇ ಮಾಡಿದೆ. ಇಬ್ಬರು ಗಾಯಕರು, ಕೋರಸ್, ಕೀಬೋರ್ಡು, ಹಾರ್ಸ್‌ಪವರ್, ಸಾಲದ ಕಂತು, ಫೋನ್ ನಂಬರು, ಎಲ್ಲವನ್ನೂ 30 ಸೆಕೆಂಡಿಗೆ ತುರುಕಿದೆವು. ಒಟ್ಟು ಬಜೆಟ್ಟಿನ ಮೂರರಲ್ಲಿ ಎರಡು ಪಾಲು ಅದಕ್ಕೇ ಹೋಯಿತು. ಎರಡು ವಾರ ಪ್ರಸಾರವಾದ ಮೇಲೆ ಶೋರೂಮಿಗೆ ಬಂದವರನ್ನು ಕೇಳಿದರೆ, ಏನೋ ಹಾಡು ಬರುತ್ತೆ ಅಂದರೇ ಹೊರತು ಅದು ಯಾರದ್ದು ಅಂತ ಯಾರಿಗೂ ಗೊತ್ತಿರಲಿಲ್ಲ.

ಎರಡನೆಯ ಸಲ ನನ್ನದೇ ದಾರಿ, ಖರ್ಚೂ ನನ್ನದೇ. ಹೊಸ ಮೂರು ಸಿಲಿಂಡರಿನ ಟ್ರ್ಯಾಕ್ಟರನ್ನು ಸ್ಟಾರ್ಟ್‌ನಲ್ಲಿಟ್ಟು, ಸೈಲೆನ್ಸರಿನಿಂದ ಒಂದು ಮಾರು ದೂರದಲ್ಲಿ ಮೈಕು ಹಿಡಿದೆ. ಸ್ಟುಡಿಯೊ ಸ್ಪೀಕರಿನಲ್ಲಿ ಎದೆ ನಡುಗಿಸುವ ಸದ್ದು. ಅದನ್ನೇ ಅಂಗೈಯಗಲದ ರೇಡಿಯೊದಲ್ಲಿ ಹಾಕಿದರೆ ಬರೀ ಸುಂಯ್. ಕಾರಣ ಲೆಕ್ಕ ಹಾಕಿದರೆ ತಿಳಿಯುತ್ತದೆ. ಎಂಜಿನ್ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುವಾಗ ಮೂರು ಸಿಲಿಂಡರೂ ಸೇರಿ ಸೆಕೆಂಡಿಗೆ 20 ಹೊಡೆತ. ಆ 20 ಹರ್ಟ್ಸ್ ಚಿಕ್ಕ ಸ್ಪೀಕರಿನಿಂದ ಹೊರಡುವುದೇ ಇಲ್ಲ, ಮೇಲಿನ ಒರಟು ಸದ್ದು ಮಾತ್ರ ಉಳಿಯುತ್ತದೆ. ಮೊದಲ ಮಳೆಯ ಸದ್ದನ್ನೂ ಸೇರಿಸಿ ನೋಡಿದೆ. ಸ್ಟೇಷನ್ ಸರಿಯಾಗಿ ಹಿಡಿದಿಲ್ಲ ಅಂದುಕೊಂಡು ಜನ ಗುಂಡಿ ತಿರುಗಿಸುತ್ತಾರೆ, ಅಷ್ಟೇ. ಹಾರನ್ ಸೇರಿಸಿದ್ದು ಅದಕ್ಕಿಂತ ದೊಡ್ಡ ತಪ್ಪು. ಕಾರಿನಲ್ಲಿ ಕೇಳಿಸಿದಾಗ ಡ್ರೈವರ್ ಬೆಚ್ಚಿ ಕನ್ನಡಿ ನೋಡಿದ. ಅವತ್ತೇ ತೆಗೆದು ಹಾಕಿದೆ.

ದಾರಿ ಸಿಕ್ಕಿದ್ದು ಡೀಲರ್ ವರ್ಕ್‌ಶಾಪಿನಲ್ಲಿ. ಮೆಕ್ಯಾನಿಕ್ ಒಬ್ಬರು ಡೀಸೆಲ್ ನಿಲ್ಲಿಸುವ ನಾಬ್ ಎಳೆದು ಹಿಡಿದು ಸೆಲ್ಫ್ ಹೊಡೆಯುತ್ತಿದ್ದರು. ಡುರ್, ಡುರ್, ಡುರ್. ಎಂಜಿನ್ ಹತ್ತದೆ ಬರೀ ತಿರುಗುವಾಗ ಪ್ರತಿ ಒತ್ತಡಕ್ಕೂ ಒಂದು ಏಟು ಬಿಡಿಬಿಡಿಯಾಗಿ ಕೇಳುತ್ತದೆ. ಬೆರಳಲ್ಲಿ ಎಣಿಸಿದೆ, ಸೆಕೆಂಡಿಗೆ ಹೆಚ್ಚುಕಡಿಮೆ ಐದು. ಅಂದರೆ ನಿಮಿಷಕ್ಕೆ 300, ಮೂರು ಮೂರರಂತೆ ಹಿಡಿದರೆ 100 ತಾಳ. ಎಂಜಿನ್ ತಾನಾಗಿಯೇ ತಿಶ್ರ ನಡೆಯಲ್ಲಿ ತಕಿಟ ತಕಿಟ ಅನ್ನುತ್ತಿತ್ತು! ಅದನ್ನು ಒಂಚೂರು ಎಳೆದು 96ಕ್ಕೆ ತಂದೆ. 96ರಲ್ಲಿ 20 ಸೆಕೆಂಡಿಗೆ ಸರಿಯಾಗಿ 32 ತಾಳ, ನಾಲ್ಕರಂತೆ ಎಂಟು ಆವರ್ತ, ಒಂದು ತಾಳವೂ ಹೆಚ್ಚಿಲ್ಲ, ಕಡಿಮೆಯಿಲ್ಲ.

ಸಾಲು ಹುಟ್ಟಿದ್ದು ಅದೇ ನಡೆಯಿಂದ. ಹತ್ತು, ಹೊರಡು, ಉತ್ತು, ಇವು ಮೂರು ಮೂರು ಮಾತ್ರೆ. ಬಾ ಎರಡು ಮಾತ್ರೆ, ಉಳಿದ ಒಂದು ಮಾತ್ರೆ ಖಾಲಿ. ಒಂದು ಆವರ್ತಕ್ಕೆ ಒಂದು ಸಾಲು. ತ್ತು, ತ್ತು ಅನ್ನುವ ಒತ್ತು ಎಂಥ ಕಳಪೆ ರೇಡಿಯೊದಲ್ಲೂ ಸ್ಪಷ್ಟವಾಗಿ ಕೇಳುತ್ತದೆ. ಖಾಲಿ ಉಳಿದ ಆ ಒಂದು ಮಾತ್ರೆಗೆ ಟ್ರೇಲರ್ ಕೊಂಡಿಗೆ ಪಿನ್ನು ಬೀಳುವ ಟಣ್ ಇಟ್ಟೆ. ನಿಜವಾದ ಪಿನ್ನು ಗ್ರೀಸಿನಲ್ಲಿ ಮುಳುಗಿ ದಬ್ ಅನ್ನುತ್ತದೆ, ಆ ಟಣ್ ಬೇರೆ ವಸ್ತುವಿನದು. ಅದು ಯಾವುದು ಅನ್ನುವುದನ್ನು ಮಾತ್ರ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಡೀಲರ್ ಎರಡು ತಕರಾರು ತೆಗೆದರು, ಎರಡೂ ನ್ಯಾಯವಾದವೇ. ಒಂದು, "ಗಿರಾಕಿಗಳನ್ನ ಏಕವಚನದಲ್ಲಿ ಕರೀತೀರಾ? ಹತ್ತಿ, ಹೊರಡಿ, ಉತ್ತು ಬನ್ನಿ ಅಂತ ಮಾಡಿ." ಮಾತ್ರೆಗೇನೋ ಅದೂ ಹೊಂದುತ್ತದೆ. ಆದರೆ ಹತ್ತಿ ಅಂದರೆ ಬೆಳೆಯ ಹತ್ತಿ ಅಂತ ಕೇಳುತ್ತದೆ, ಬನ್ನಿ ಕೊನೆಯ ಮಾತ್ರೆಯನ್ನೂ ನುಂಗಿ ಟಣ್‌ಗೆ ಜಾಗ ಬಿಡುವುದಿಲ್ಲ. ನಾನು ಪದ ಮುಟ್ಟಲಿಲ್ಲ, ಹೇಳುವವರನ್ನು ಬದಲಿಸಿದೆ. ಜಾಹೀರಾತಿನ ಗಡಸು ದನಿ ತೆಗೆದು ಅರವತ್ತು ದಾಟಿದ ಹೆಂಗಸೊಬ್ಬರಿಂದ ಹೇಳಿಸಿದೆ. ತಾಯಿ ಮಗನನ್ನು ಬಾ ಅನ್ನದೆ ಬನ್ನಿ ಅಂತಾಳೆಯೇ? ಅವರು ಹಾಡುಗಾರ್ತಿಯಲ್ಲ. ಮೂರನೇ ಟೇಕ್‌ನಲ್ಲಿ 'ಬಾ' ಅನ್ನುವಾಗ ದನಿ ತುಸು ಮೇಲಕ್ಕೇರಿತು, ಅದನ್ನೇ ಇಟ್ಟುಕೊಂಡೆ.

ಎರಡನೆಯ ತಕರಾರು ಗಟ್ಟಿಯದು. ಸೆಲ್ಫ್ ಹೊಡೆಯುತ್ತಲೇ ಇದ್ದರೆ ಗಾಡಿ ಸ್ಟಾರ್ಟ್ ಆಗುತ್ತಿಲ್ಲ ಅಂತ ಅರ್ಥ ಬರುತ್ತದೆ. ನಾನು ಒಂದು ಆವರ್ತ ಪೂರ್ತಿ ಇಟ್ಟಿದ್ದೆ. ಕೇಳಿದ ನಾಲ್ಕು ಜನರಲ್ಲಿ ಮೂವರು ಬ್ಯಾಟರಿ ಹೋಗಿದೆಯಾ ಅಂದರು. ಅದನ್ನು ಎರಡೇ ತಾಳಕ್ಕೆ, ಅಂದರೆ ಆರು ಏಟಿಗೆ ಇಳಿಸಿ, ಏಳನೆಯದಕ್ಕೆ ಎಂಜಿನ್ ಹತ್ತುವ ಸದ್ದು ಮತ್ತು 'ಹತ್ತು' ಅನ್ನುವ ಮಾತು ಒಟ್ಟಿಗೆ ಬೀಳುವಂತೆ ಜೋಡಿಸಿದೆ. ಆಮೇಲೆ ಯಾರೂ ಆ ಮಾತೆತ್ತಲಿಲ್ಲ.

ಮೊದಲ ಎರಡು ತಾಳಕ್ಕೆ ಜರಡಿಯಲ್ಲಿ ಕಾಳು ಆಡಿಸುವ ಸದ್ದು, ಮೇಲೊಂದು ಹಸುವಿನ ಗಂಟೆ. ಜರಡಿ ಕೊನೆಯ ಆವರ್ತ ಬರುವವರೆಗೂ ನಡೆ ಹಿಡಿದುಕೊಂಡು ಹೋಗುತ್ತದೆ. ತಾಯಿಯ ಸಾಲು ಎರಡು ಸಲ, ಮಗನ ಒಂದೇ ವಾಕ್ಯ, ಡೀಲರ್ ಹೆಸರು, ಮತ್ತೆ ಸಾಲು, ಕೊನೆಯ ಆವರ್ತ ಬಹುಪಾಲು ಮೌನ. ಕೋಳಿ ಕೂಗು ಹಾಕಲಿಲ್ಲ, ಅದು ಎಲ್ಲರ ಜಾಹೀರಾತಿನಲ್ಲೂ ಇರುತ್ತದೆ. ಫೋನ್ ನಂಬರು ಬೇಡ ಅನ್ನಲು ಎರಡು ದಿನ ಜಗಳವಾಡಬೇಕಾಯಿತು. ಪ್ರಸಾರದ ದರ 10 ಸೆಕೆಂಡಿನ ಲೆಕ್ಕ, 30ರ ಬದಲು 20 ಮಾಡಿದರೆ ಎರಡು ಸಲದ ದುಡ್ಡಿಗೆ ಮೂರು ಸಲ ಬರುತ್ತದೆ ಅಂತ ಕಾಗದದ ಮೇಲೆ ಬರೆದು ತೋರಿಸಿದ ಮೇಲೆಯೇ ಒಪ್ಪಿದ್ದು.

ಮಿಕ್ಸಿಂಗ್‌ನಲ್ಲಿ 120 ಹರ್ಟ್ಸ್‌ಗಿಂತ ಕೆಳಗಿನದ್ದನ್ನೆಲ್ಲ ಕತ್ತರಿಸಿ, ಸೆಲ್ಫ್ ಸದ್ದಿಗೆ ತುಸು ಸ್ಯಾಚುರೇಷನ್ ಕೊಟ್ಟೆ. ಆಗ ಚಿಕ್ಕ ಸ್ಪೀಕರಿನಲ್ಲೂ ಏಟು ಎದ್ದು ಕೇಳುತ್ತದೆ. ಎರಡು ಮೈಕಿನ ಸ್ಟೀರಿಯೊ ಮೊನೊಗೆ ಇಳಿದಾಗ ಗಂಟೆ ಸೊರಗಿ ಹೋಯಿತು, ಒಂದೇ ಮೈಕಿನದ್ದು ಉಳಿಸಿಕೊಂಡೆ. ಸ್ಟೇಷನ್ನಿನ ಕಂಪ್ರೆಸರ್ ಮೌನದೊಳಗಿನ ಸಣ್ಣ ಸದ್ದನ್ನೂ ಮೇಲೆತ್ತುತ್ತದೆ, ಹಾಗಾಗಿ ಖಾಲಿ ಜಾಗವನ್ನು ನಿಜಕ್ಕೂ ಖಾಲಿ ಮಾಡಿಯೇ ಕಳಿಸಿದೆ. ರೆಕಾರ್ಡಿಂಗ್ ದಿನ ಸೆಲ್ಫನ್ನು ಬಿಡುವು ಕೊಡದೆ ಹೊಡೆಸಿ ಬ್ಯಾಟರಿ ಇಳಿಸಿ, ಮೆಕ್ಯಾನಿಕ್ ಕೈಲಿ ಬೈಸಿಕೊಂಡೆ. ಒಂದು ಸಲಕ್ಕೆ ಐದಾರು ಸೆಕೆಂಡು, ಆಮೇಲೆ ಒಂದು ನಿಮಿಷ ಬಿಡುವು, ಹಾಗೆ ಮಾಡಬೇಕಿತ್ತು.

ಈ ಎರಡನೆಯ ಜಿಂಗಲ್‌ಗೆ ಆದ ಒಟ್ಟು ಖರ್ಚು ಮೊದಲಿನದರ ನಾಲ್ಕನೇ ಒಂದು ಭಾಗವೂ ಇಲ್ಲ. ಸುಮಾರು ಎರಡು ತಿಂಗಳ ಪ್ರಸಾರದ ನಂತರ 10 ಸೆಕೆಂಡಿನದೊಂದು ಬೇಕು ಅಂತ ಡೀಲರೇ ಕೇಳಿದರು. ಅದರಲ್ಲಿ ತಾಯಿ "ಹತ್ತು, ಹೊರಡು" ಅಂದು ನಿಲ್ಲಿಸುತ್ತಾಳೆ, ಉಳಿದ ಜಾಗದಲ್ಲಿ ಜರಡಿ ಮಾತ್ರ, ಕೊನೆಗೆ ಟಣ್. ಅರ್ಧ ಸಾಲಿಗೆ ಪೂರ್ತಿ ದುಡ್ಡೇ ಅಂತ ಅವರು ಮತ್ತೆ ಶುರುಮಾಡಿದರು. ವರ್ಕ್‌ಶಾಪಿನಲ್ಲೇ ಹಾಕಿ ಕೇಳಿಸಿದೆ. ಟಣ್ ಬೀಳುವ ಮೊದಲೇ, ಟ್ರ್ಯಾಕ್ಟರ್ ತೊಳೆಯುತ್ತಿದ್ದ ಹುಡುಗ ಪೈಪು ಹಿಡಿದುಕೊಂಡೇ "ಉತ್ತು ಬಾ" ಅಂದ. ಡೀಲರ್ ಬಾಕಿ ದುಡ್ಡು ಅಲ್ಲೇ ಎಣಿಸಿ ಕೊಟ್ಟರು.